ಲಾಭ ಹುಟ್ಟುವುದೆಲ್ಲಿ, ತೆರಿಗೆ ಸಲ್ಲುವುದೆಲ್ಲಿ?



ಭೂಪಟವನ್ನು ತೆರೆದು ಅಟ್ಲಾಂಟಿಕ್ ಸಾಗರದಲ್ಲಿ ಬರ್ಮುಡಾ ಎಂಬ ದ್ವೀಪವನ್ನು ಹುಡುಕಿ ನೋಡಿ. ಕಣ್ಣಿಗೆ ಬೀಳುವುದು ಕಷ್ಟ. ಅದರ ವಿಸ್ತೀರ್ಣ ಸುಮಾರು 53 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 64 ಸಾವಿರ, ಅಂದರೆ ನಮ್ಮಲ್ಲಿಯ ಒಂದು ಸಾಧಾರಣ ತಾಲ್ಲೂಕು ಪಟ್ಟಣದಷ್ಟು. ಆದರೆ 2017ರ ಒಂದೇ ವರ್ಷದಲ್ಲಿ ಗೂಗಲ್ ಸಂಸ್ಥೆಗೆ ಸೇರಿದ ನೆದರ್ಲೆಂಡ್ಸ್‌ನ ಒಂದು ಕಂಪನಿಯಿಂದ ಈ ದ್ವೀಪದಲ್ಲಿ ನೆಲೆಸಿದ್ದ ಗೂಗಲ್‌ನದೇ ಇನ್ನೊಂದು ಕಂಪನಿಗೆ 1,990 ಕೋಟಿ ಯೂರೋ ಸಂದಾಯವಾಯಿತು. ದ್ವೀಪದ ಜನರೆಲ್ಲ ಸೇರಿ ಇಡೀ ವರ್ಷ ದುಡಿದು ಉತ್ಪಾದಿಸಿದ ಸಂಪತ್ತಿನ ಸುಮಾರು ಮೂರು ಪಟ್ಟು ಹಣ ಅದು.

ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರು ಯಾವ ವಿಷಯ ಬಂದರೂ ಮೊದಲು ಕೇಳುವ ಪ್ರಶ್ನೆ, ‘ಇದಕ್ಕೆ ಚಿತ್ರ ಏನು?’ ಎಂಬುದು. ಕಬ್ಬಿಣದ ಕಾರ್ಖಾನೆಯ ಲಾಭವೆಂದರೆ ಕುಲುಮೆಯನ್ನು ತೋರಿಸಬಹುದು. ಕಾಫಿಯ ಲಾಭವೆಂದರೆ ತೋಟವನ್ನು ತೋರಿಸಬಹುದು. ಬರ್ಮುಡಾಕ್ಕೆ ಹೋದ ಆ ಲಾಭವನ್ನು ತೋರಿಸಲು ಹೊರಟರೆ ಅಲ್ಲಿ ಕಾರ್ಖಾನೆಯೂ ಇಲ್ಲ, ಗಿರಾಕಿಗಳ ಸಾಲೂ ಇಲ್ಲ. ಇರುವುದು ಕೆಲವು ಕಾಗದಪತ್ರ, ಒಂದು ವಿಳಾಸ. ಹಾಗಾದರೆ ಲಾಭ ಅಲ್ಲಿಗೆ ಹೋದದ್ದು ಹೇಗೆ? ಮುಖ್ಯವಾಗಿ, ಹೋದದ್ದು ಏಕೆ?

ಏಕೆ ಎಂಬುದಕ್ಕೆ ಉತ್ತರ ಸುಲಭ. ಆಗ ಬರ್ಮುಡಾದಲ್ಲಿ ಕಂಪನಿಗಳ ಲಾಭದ ಮೇಲೆ ತೆರಿಗೆಯೇ ಇರಲಿಲ್ಲ. ಇಂಥ ನಾಡುಗಳನ್ನು ನಮ್ಮ ಪತ್ರಿಕೆಗಳು ‘ತೆರಿಗೆ ಸ್ವರ್ಗ’ ಎಂದು ಕರೆಯುವುದನ್ನು ನೀವು ಓದಿರಬಹುದು. ಇಂಗ್ಲಿಷಿನ ಮೂಲಪದದ ಅರ್ಥ ಸ್ವರ್ಗವಲ್ಲ. ಬಿರುಗಾಳಿಗೆ ಸಿಕ್ಕ ಹಡಗು ಬಂದು ನಿಲ್ಲುವ ಬಂದರು, ಆಸರೆಯ ತಾಣ ಎಂದು. ಆದ್ದರಿಂದ ನಾವು ‘ತೆರಿಗೆಯಾಸರೆ’ ಎನ್ನೋಣ. ಹಣ ಅಲ್ಲಿ ಹುಟ್ಟುವುದಿಲ್ಲ, ಬಂದು ತಂಗುತ್ತದೆ, ಅಷ್ಟೆ.

ಇನ್ನು ಹೇಗೆ ಎಂಬ ಪ್ರಶ್ನೆ. ಇದಕ್ಕೆ ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ.

ಲಾಭವೆಂದರೆ ವರಮಾನದಲ್ಲಿ ಖರ್ಚನ್ನು ಕಳೆದು ಉಳಿದದ್ದು. ಸರ್ಕಾರ ತೆರಿಗೆ ಹಾಕುವುದು ಈ ಉಳಿದದ್ದರ ಮೇಲೆ. ಒಬ್ಬನೇ ಮಾಲೀಕನಿಗೆ ಎರಡು ಊರುಗಳಲ್ಲಿ ಎರಡು ಅಂಗಡಿಗಳಿವೆ ಎಂದುಕೊಳ್ಳಿ. ಮೊದಲ ಊರಿನಲ್ಲಿ ಲಾಭಕ್ಕೆ ಶೇಕಡಾ 30 ತೆರಿಗೆ, ಎರಡನೆಯ ಊರಿನಲ್ಲಿ ತೆರಿಗೆಯಿಲ್ಲ. ಮೊದಲ ಅಂಗಡಿ 60 ರೂಪಾಯಿ ಖರ್ಚು ಮಾಡಿ 100 ರೂಪಾಯಿಗೆ ವ್ಯಾಪಾರ ಮಾಡಿತು. ಲಾಭ 40, ತೆರಿಗೆ 12. ಮಾಲೀಕ ಚತುರನಾದರೆ ಏನು ಮಾಡುತ್ತಾನೆ? ಎರಡನೆಯ ಅಂಗಡಿಯ ಹೆಸರಿನಲ್ಲಿ ಮೊದಲ ಅಂಗಡಿಗೆ 35 ರೂಪಾಯಿಯ ಬಿಲ್ಲು ಬರೆಯುತ್ತಾನೆ. ಈಗ ಮೊದಲ ಅಂಗಡಿಯ ಖರ್ಚು 95, ಲಾಭ 5, ತೆರಿಗೆ ಒಂದೂವರೆ ರೂಪಾಯಿ. ಉಳಿದ 35 ರೂಪಾಯಿ ತೆರಿಗೆಯಿಲ್ಲದ ಊರು ಸೇರಿತು. ಹಣ ಮಾಲೀಕನ ಎಡಜೇಬಿನಿಂದ ಬಲಜೇಬಿಗೆ ಹೋಗಿದೆ. ಆದರೆ ಸರ್ಕಾರಕ್ಕೆ ಹತ್ತೂವರೆ ರೂಪಾಯಿ ನಷ್ಟವಾಗಿದೆ. ಲಾಭ ವರ್ಗಾವಣೆ ಎನ್ನುವುದು ಇದನ್ನೇ.

‘ಇದನ್ನು ತಡೆಯಲು ಕಾನೂನಿಲ್ಲವೇ?’ ಎಂದು ನೀವು ಕೇಳಬಹುದು. ಇದೆ. ಒಂದೇ ಒಡೆತನದ ಎರಡು ಕಂಪನಿಗಳು ತಮ್ಮೊಳಗೆ ಕೊಡು-ಕೊಳ್ಳು ಮಾಡುವಾಗ, ಪರಸ್ಪರ ಸಂಬಂಧವಿಲ್ಲದ ಇಬ್ಬರು ವ್ಯಾಪಾರಿಗಳು ಒಪ್ಪಬಹುದಾದ ಬೆಲೆಯನ್ನೇ ಹಾಕಬೇಕು ಎಂಬುದು ಬಹುತೇಕ ದೇಶಗಳ ನಿಯಮ. ಪದಾರ್ಥ ಮೆಣಸಿನಕಾಯಿಯಾಗಿದ್ದರೆ ಈ ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಆ ದಿನ ಕ್ವಿಂಟಲಿಗೆ ಏನು ದರ ಇತ್ತೆಂದು ಅಧಿಕಾರಿ ನೋಡಿದರೆ ಸಾಕು, ಬಿಲ್ಲು ಸರಿಯೋ ತಪ್ಪೋ ಗೊತ್ತಾಗುತ್ತದೆ. ಆದರೆ ಗೂಗಲ್‌ನ ಹುಡುಕಾಟದ ತಂತ್ರಜ್ಞಾನಕ್ಕೆ ದರ ಎಷ್ಟು? ಅಂಥದ್ದೇ ಇನ್ನೊಂದನ್ನು ಯಾರೂ ಯಾವ ಮಂಡಿಯಲ್ಲೂ ಮಾರುತ್ತಿಲ್ಲ. ಹೋಲಿಸಿ ನೋಡಲು ಎರಡನೆಯದು ಇಲ್ಲದ ವಸ್ತುವಿಗೆ ಒಡೆಯ ಹೇಳಿದ್ದೇ ಬೆಲೆಯಾಗುತ್ತದೆ. ಔಷಧದ ಪೇಟೆಂಟು, ಪಾನೀಯದ ಹೆಸರು, ಕಂಪ್ಯೂಟರಿನ ತಂತ್ರಾಂಶ, ಇವೆಲ್ಲ ಈ ಜಾತಿಗೆ ಸೇರಿದವು. ಮೇಲಾಗಿ ಇವುಗಳಿಗೆ ತೂಕವಿಲ್ಲ. ಒಂದು ಒಪ್ಪಂದಕ್ಕೆ ಸಹಿ ಬಿದ್ದರೆ ಇವು ಕ್ಯಾಲಿಫೋರ್ನಿಯಾದಿಂದ ಬರ್ಮುಡಾಕ್ಕೆ ಹೋಗಿ ಕೂರುತ್ತವೆ.

ಗೂಗಲ್ ಅನುಸರಿಸಿದ ದಾರಿಗೆ ತೆರಿಗೆ ತಜ್ಞರು ‘ಎರಡು ಐರಿಷ್, ನಡುವೆ ಡಚ್ ಸ್ಯಾಂಡ್‌ವಿಚ್’ ಎಂದು ತಮಾಷೆಯ ಹೆಸರಿಟ್ಟಿದ್ದರು. ಎರಡು ಬ್ರೆಡ್ ಚೂರುಗಳಂತೆ ಎರಡು ಐರ್ಲೆಂಡ್ ಕಂಪನಿಗಳು; ನಡುವೆ ಪಲ್ಯದಂತೆ ಒಂದು ನೆದರ್ಲೆಂಡ್ಸ್ ಕಂಪನಿ. ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಪ್ಯಾರಿಸ್ಸಿನ ಒಂದು ಹೋಟೆಲಿನವರು ಗೂಗಲ್‌ನಲ್ಲಿ ಜಾಹೀರಾತು ಕೊಟ್ಟು 100 ಯೂರೋ ಪಾವತಿ ಮಾಡುತ್ತಾರೆ. ಹೋಟೆಲು ಫ್ರಾನ್ಸಿನಲ್ಲಿದೆ, ಜಾಹೀರಾತು ನೋಡುವವರೂ ಅಲ್ಲಿಯವರೇ ಇರಬಹುದು. ಆದರೆ ಒಪ್ಪಂದ ಆಗುವುದು ಡಬ್ಲಿನ್‌ನಲ್ಲಿರುವ ಮೊದಲ ಐರ್ಲೆಂಡ್ ಕಂಪನಿಯೊಂದಿಗೆ. ಹಣ ಅಲ್ಲಿಗೆ ಹೋಗುತ್ತದೆ. ಈ ಕಂಪನಿ ನಿಜವಾದದ್ದೇ. ಅದಕ್ಕೆ ಸಾವಿರಾರು ನೌಕರರಿದ್ದಾರೆ. ಐರ್ಲೆಂಡಿನಲ್ಲಿ ವ್ಯಾಪಾರದ ಲಾಭಕ್ಕೆ ತೆರಿಗೆ ಶೇಕಡಾ 12.5.

ಆದರೆ ಡಬ್ಲಿನ್ ಕಂಪನಿಗೆ ಗೂಗಲ್ ತಂತ್ರಜ್ಞಾನ ಸ್ವಂತದ್ದಲ್ಲ. ಅಮೆರಿಕದ ಹೊರಗೆ ಅದನ್ನು ಬಳಸುವ ಹಕ್ಕು ಎರಡನೆಯ ಐರ್ಲೆಂಡ್ ಕಂಪನಿಯ ಕೈಯಲ್ಲಿದೆ. ಆದ್ದರಿಂದ ಡಬ್ಲಿನ್ ಕಂಪನಿ ರಾಯಲ್ಟಿ ಕೊಡಬೇಕು. ಲೆಕ್ಕ ಸುಲಭವಾಗಲೆಂದು ನಾವೇ ಅಂಕಿಗಳನ್ನು ಇಟ್ಟುಕೊಳ್ಳೋಣ: 100 ಯೂರೋದಲ್ಲಿ ಸಂಬಳ ಮತ್ತಿತರ ಖರ್ಚು 25, ರಾಯಲ್ಟಿ 70, ಉಳಿದದ್ದು 5. ಈ ಐದಕ್ಕೆ ಶೇಕಡಾ 12.5ರಂತೆ ತೆರಿಗೆ ಸುಮಾರು 62 ಸೆಂಟ್.

ಆ 70 ಯೂರೋ ನೇರವಾಗಿ ಬರ್ಮುಡಾಕ್ಕೆ ಹೊರಟರೆ ಐರ್ಲೆಂಡ್ ಸರ್ಕಾರ ಮೂಲದಲ್ಲೇ ತೆರಿಗೆ ಕಡಿತ ಮಾಡುತ್ತಿತ್ತು, ನಮ್ಮಲ್ಲಿ ಸಂಬಳದಿಂದ ಟಿಡಿಎಸ್ ಹಿಡಿಯುವಂತೆ. ಐರೋಪ್ಯ ಒಕ್ಕೂಟದ ಇನ್ನೊಂದು ದೇಶಕ್ಕೆ ಹೋದರೆ ಈ ಕಡಿತವಿಲ್ಲ. ನೆದರ್ಲೆಂಡ್ಸ್ ಬರುವುದು ಇಲ್ಲಿ. ಹಣ ಮೊದಲು ಅಲ್ಲಿಯ ಕಂಪನಿಗೆ ಹೋಗುತ್ತದೆ. ರಾಯಲ್ಟಿ ಯಾವ ದೇಶಕ್ಕೆ ಹೊರಟರೂ ನೆದರ್ಲೆಂಡ್ಸ್ ಆಗ ಕಡಿತ ಮಾಡುತ್ತಿರಲಿಲ್ಲ. ಆ ಕಂಪನಿ ತನ್ನ ಸಣ್ಣ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಎರಡನೆಯ ಐರ್ಲೆಂಡ್ ಕಂಪನಿಗೆ ದಾಟಿಸಿಬಿಡುತ್ತದೆ.

ಈ ಎರಡನೆಯ ಕಂಪನಿಯದೇ ದೊಡ್ಡ ಸ್ವಾರಸ್ಯ. ಅದು ನೋಂದಣಿಯಾದದ್ದು ಐರ್ಲೆಂಡಿನಲ್ಲಿ, ಆದರೆ ಅದರ ಆಡಳಿತ ನಡೆಯುವುದು ಬರ್ಮುಡಾದಿಂದ. ಕಂಪನಿ ಎಲ್ಲಿಂದ ನಡೆಯುತ್ತದೋ ಆ ಊರಿನದು ಎಂದು ಐರ್ಲೆಂಡಿನ ಕಾನೂನು ಹೇಳುತ್ತಿತ್ತು. ಹಾಗಾಗಿ ಐರ್ಲೆಂಡಿನ ಕಣ್ಣಿಗೆ ಅದು ಬರ್ಮುಡಾದ ಕಂಪನಿ. ಎಲ್ಲಿ ನೋಂದಣಿಯಾಗಿದೆಯೋ ಅಲ್ಲಿಯದು ಎಂಬುದು ಅಮೆರಿಕದ ನಿಯಮ. ಹಾಗಾಗಿ ಅಮೆರಿಕದ ಕಣ್ಣಿಗೆ ಅದು ಐರ್ಲೆಂಡಿನ ಕಂಪನಿ. ‘ನಮ್ಮವನಲ್ಲ, ನಿಮ್ಮವನು’ ಎಂದು ಇಬ್ಬರೂ ಕೈ ತೋರಿಸುವಾಗ 70 ಯೂರೋ ಬರ್ಮುಡಾದ ಶೂನ್ಯ ತೆರಿಗೆಯ ನೆರಳಿನಲ್ಲಿ ಕೂತಿತು.

ಇದು ಕಳ್ಳತನವೇ? ಅಲ್ಲ. ವರಮಾನವನ್ನು ಮುಚ್ಚಿಟ್ಟು ಸುಳ್ಳು ಲೆಕ್ಕ ಕೊಡುವುದು ತೆರಿಗೆ ಕಳ್ಳತನ, ಅದು ಅಪರಾಧ. ಇಲ್ಲಿ ಎಲ್ಲವೂ ಲೆಕ್ಕಪುಸ್ತಕದಲ್ಲಿತ್ತು. ನಾನು ಹೇಳಿದ 1,990 ಕೋಟಿ ಯೂರೋ ಅಂಕಿಯೂ ಆ ಡಚ್ ಕಂಪನಿ ತಾನೇ ಸಲ್ಲಿಸಿದ ದಾಖಲೆಯಿಂದ ಬಂದದ್ದು. ಪ್ರತಿ ದೇಶದ ಕಾನೂನೂ ಪ್ರತ್ಯೇಕವಾಗಿ ಪಾಲನೆಯಾಗಿತ್ತು. ಕಾನೂನು ಕಾನೂನುಗಳ ನಡುವಣ ಸಂದಿಯಲ್ಲಿ ಲಾಭ ಜಾರಿಹೋಯಿತು.

ಗೂಗಲ್‌ನ ಪರವಾಗಿಯೂ ಒಂದು ಮಾತು ಹೇಳಬೇಕು. ಆ 70 ಯೂರೋ ಪೂರ್ತಿಯಾಗಿ ಫ್ರಾನ್ಸಿಗೆ ಸೇರಬೇಕಾದದ್ದು ಎನ್ನಲಾಗದು. ಆ ತಂತ್ರಾಂಶ ಬರೆದ ಎಂಜಿನಿಯರುಗಳಲ್ಲಿ ಬಹಳ ಮಂದಿ ಅಮೆರಿಕದಲ್ಲಿದ್ದರು. ಅಮೆರಿಕದ ಅಂದಿನ ಕಾನೂನಿನಂತೆ ವಿದೇಶದ ಲಾಭವನ್ನು ತಾಯ್ನಾಡಿಗೆ ತಂದಾಗ ಶೇಕಡಾ 35 ತೆರಿಗೆ ಕಟ್ಟಬೇಕಿತ್ತು, ತರುವವರೆಗೂ ಕಟ್ಟಬೇಕಿರಲಿಲ್ಲ. ಹಾಗಾಗಿ ಕಂಪನಿಗಳು ತರಲೇ ಇಲ್ಲ. ಕೊನೆಗೆ 2017ರಲ್ಲಿ ಅಮೆರಿಕ ಕಾನೂನು ಬದಲಿಸಿ, ಹೊರಗೆ ಕೂಡಿಬಿದ್ದ ನಗದು ಲಾಭಕ್ಕೆ ಒಂದು ಬಾರಿಗೆ ಶೇಕಡಾ 15.5 ತೆರಿಗೆ ವಿಧಿಸಿತು. ಐರ್ಲೆಂಡ್ 2015ರಿಂದ ಹೊಸಬರಿಗೆ ಈ ದಾರಿಯನ್ನು ಮುಚ್ಚಿತು. ಹಳಬರಿಗೆ 2020ರ ಕೊನೆಯವರೆಗೆ ಅವಕಾಶವಿತ್ತು. ಗೂಗಲ್ ಈಗ ಈ ಏರ್ಪಾಡನ್ನು ಬಿಟ್ಟಿದೆ.

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿನಲ್ಲೂ ಇದೆ. ಇಲ್ಲಿಯ ಗೂಗಲ್ ಇಂಡಿಯಾ ಕಂಪನಿ ಜಾಹೀರಾತು ಮಾರಾಟದ ಬಾಬ್ತು 1,457 ಕೋಟಿ ರೂಪಾಯಿಯನ್ನು ಕೆಲವು ವರ್ಷಗಳಲ್ಲಿ ಡಬ್ಲಿನ್ ಕಂಪನಿಯ ಲೆಕ್ಕಕ್ಕೆ ಸಲ್ಲಿಸಿತ್ತು. ಇದು ರಾಯಲ್ಟಿಯಾದ್ದರಿಂದ ಮೂಲದಲ್ಲೇ ತೆರಿಗೆ ಹಿಡಿಯಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ವಾದಿಸಿತು. ರಾಯಲ್ಟಿಯಲ್ಲ, ಜಾಹೀರಾತಿನ ಜಾಗವನ್ನು ಕೊಂಡ ಬೆಲೆ ಎಂದು ಕಂಪನಿ ಹೇಳಿತು. 2017ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಇಲಾಖೆಯ ಪರವಾಗಿ ತೀರ್ಪಿತ್ತಿತು. ಕರ್ನಾಟಕ ಹೈಕೋರ್ಟು ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿದ ಮೇಲೆ, 2022ರಲ್ಲಿ ಅದೇ ಪೀಠ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಹಣ ಅದೇ, ಕಾಗದ ಅದೇ. ಅದಕ್ಕೆ ಯಾವ ಹೆಸರಿಡಬೇಕು ಎಂಬುದರ ಮೇಲೆ ತೆರಿಗೆ ಇದೆಯೋ ಇಲ್ಲವೋ ತೀರ್ಮಾನವಾಯಿತು.

ಒಂದು ಸಂದಿಯನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಎಂಬುದು ದೇಶಗಳಿಗೆ ಅರಿವಾಗಲು ಬಹಳ ಕಾಲ ಹಿಡಿಯಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಬಂಡವಾಳ ಓಡಿಹೋಗುತ್ತದೆಂಬ ಭಯದಿಂದ ಒಂದು ದೇಶ ತೆರಿಗೆ ಇಳಿಸುತ್ತದೆ. ಅದನ್ನು ಕಂಡು ನೆರೆಯ ದೇಶವೂ ಇಳಿಸುತ್ತದೆ. 1980ರ ದಶಕದ ಆರಂಭದಲ್ಲಿ ಬ್ರಿಟನ್ ಕಂಪನಿಗಳ ಲಾಭದ ಮೇಲೆ ಶೇಕಡಾ 52 ತೆರಿಗೆ ಹಾಕುತ್ತಿತ್ತು. 2017ರ ಹೊತ್ತಿಗೆ ಅದು 19ಕ್ಕೆ ಇಳಿದಿತ್ತು. (2023ರಲ್ಲಿ ದೊಡ್ಡ ಕಂಪನಿಗಳಿಗೆ ಮತ್ತೆ 25ಕ್ಕೆ ಏರಿಸಿದರು.) ಅಮೆರಿಕದ ದರ ಅದೇ ಅವಧಿಯಲ್ಲಿ 46ರಿಂದ 21ಕ್ಕೆ ಬಂತು. ಸಂತೆಯಲ್ಲಿ ಪಕ್ಕಪಕ್ಕದ ಇಬ್ಬರು ವ್ಯಾಪಾರಿಗಳು ಪೈಪೋಟಿಯಿಂದ ಬೆಲೆ ಇಳಿಸುತ್ತಾ ಹೋದರೆ ಕೊನೆಗೆ ಇಬ್ಬರಿಗೂ ಗಿಟ್ಟುವುದಿಲ್ಲ. ಯಾರೊಬ್ಬರೂ ತಾವಾಗಿ ಮೊದಲು ನಿಲ್ಲಿಸಲಾರರು. ನಿಲ್ಲಿಸಿದವನ ಗಿರಾಕಿ ಪಕ್ಕದವನಲ್ಲಿಗೆ ಹೋಗುತ್ತಾನೆ. ಹೀಗೆ ಕಡಿಮೆಯಾದ ತೆರಿಗೆಯನ್ನು ಸರ್ಕಾರ ಎಲ್ಲಿಂದ ತುಂಬಿಕೊಳ್ಳಬೇಕು? ಬರ್ಮುಡಾಕ್ಕೆ ಹೋಗಲಾರದವರಿಂದ. ನಿಮ್ಮ ಊರಿನ ಮುದ್ರಣಾಲಯದ ಮಾಲೀಕರು, ಸಂಬಳದ ನೌಕರರು, ಅಂಗಡಿಯಲ್ಲಿ ಸಾಬೂನು ಕೊಳ್ಳುವ ನೀವು.

ಜಾಗತಿಕ ಕನಿಷ್ಠ ತೆರಿಗೆ ಎಂಬ ವಿಚಾರ ಬಂದದ್ದು ಈ ಗಂಟನ್ನು ಬಿಡಿಸಲಿಕ್ಕೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಆಶ್ರಯದಲ್ಲಿ ನಡೆದ ಮಾತುಕತೆಯ ಫಲವಾಗಿ 2021ರ ಅಕ್ಟೋಬರಿನಲ್ಲಿ ಭಾರತವೂ ಸೇರಿದಂತೆ 136 ದೇಶಗಳು ಮತ್ತು ಪ್ರದೇಶಗಳು ಇದಕ್ಕೆ ಒಪ್ಪಿದವು. ವರ್ಷಕ್ಕೆ 75 ಕೋಟಿ ಯೂರೋ ಅಥವಾ ಅದಕ್ಕೂ ಹೆಚ್ಚಿನ ವಹಿವಾಟಿರುವ, ಹಲವು ದೇಶಗಳಲ್ಲಿ ಹರಡಿಕೊಂಡ ಕಂಪನಿಗಳಿಗೆ ಮಾತ್ರ ಇದು ಅನ್ವಯ. ಅಂಥ ಕಂಪನಿ ತಾನಿರುವ ಪ್ರತಿಯೊಂದು ದೇಶದಲ್ಲೂ ಲಾಭದ ಮೇಲೆ ಕನಿಷ್ಠ ಶೇಕಡಾ 15 ತೆರಿಗೆ ಕಟ್ಟಿರಬೇಕು.

‘ಪ್ರತಿಯೊಂದು ದೇಶದಲ್ಲೂ’ ಎಂಬ ಮಾತನ್ನು ಗಮನಿಸಿ. ಒಂದು ಕಂಪನಿ ಒಂದು ದೇಶದಲ್ಲಿ ಶೇಕಡಾ 30, ದ್ವೀಪದಲ್ಲಿ ಸೊನ್ನೆ ಕಟ್ಟಿತೆನ್ನಿ. ಎರಡೂ ಕಡೆ ಲಾಭ ಸಮನಾಗಿದ್ದರೆ ಸರಾಸರಿ 15 ಬರುತ್ತದೆ. ಸರಾಸರಿ ತೆಗೆಯಲು ಬಿಟ್ಟರೆ ದ್ವೀಪಕ್ಕೆ ಲಾಭ ಸಾಗಿಸುವುದು ನಿಲ್ಲುವುದೇ ಇಲ್ಲ. ಅದಕ್ಕೇ ದೇಶವಾರು ಲೆಕ್ಕ.

ಬರ್ಮುಡಾದಂಥ ದ್ವೀಪ ‘ನಾನು ತೆರಿಗೆ ಹಾಕುವುದಿಲ್ಲ’ ಎಂದು ಹಟ ಹಿಡಿದರೆ? ಅದು ಸ್ವತಂತ್ರವಾಗಿ ಕಾನೂನು ಮಾಡಿಕೊಳ್ಳುವ ನಾಡು, ಬಲವಂತ ಮಾಡುವಂತಿಲ್ಲ. ಈ ಯೋಜನೆಯ ನಿಜವಾದ ಜಾಣತನವಿರುವುದು ಇಲ್ಲಿಯೇ: ಅದಕ್ಕೆ ದ್ವೀಪದ ಒಪ್ಪಿಗೆ ಬೇಕಾಗಿಯೇ ಇಲ್ಲ. ಕಡಿಮೆ ಬಿದ್ದ ತೆರಿಗೆಯನ್ನು ವಸೂಲು ಮಾಡಲು ಒಂದು ಸರದಿ ಗೊತ್ತುಮಾಡಿದ್ದಾರೆ. ಮೊದಲ ಹಕ್ಕು ಆ ದ್ವೀಪದ್ದೇ. ಅದು ಬಿಟ್ಟರೆ ಮಾತೃಸಂಸ್ಥೆ ಇರುವ ದೇಶ ವಸೂಲು ಮಾಡುತ್ತದೆ. ಅದೂ ಬಿಟ್ಟರೆ, ಕಂಪನಿಯ ನೌಕರರೂ ಆಸ್ತಿಯೂ ಇರುವ ಇತರ ದೇಶಗಳು ಹಂಚಿಕೊಳ್ಳುತ್ತವೆ.

ಒಂದು ಲೆಕ್ಕ ಹಾಕೋಣ. ಜರ್ಮನಿಯ ಒಂದು ದೊಡ್ಡ ಕಂಪನಿಗೆ ತೆರಿಗೆಯಿಲ್ಲದ ದ್ವೀಪದಲ್ಲಿ 100 ಕೋಟಿ ರೂಪಾಯಿ ಲಾಭ ಬಂತೆಂದು ಊಹಿಸಿಕೊಳ್ಳಿ. ಅಲ್ಲಿ ಅದು ಕೊಡುವ ಸಂಬಳ 10 ಕೋಟಿ, ಅಲ್ಲಿರುವ ಕಟ್ಟಡ ಮತ್ತು ಯಂತ್ರಗಳ ಬೆಲೆ 20 ಕೋಟಿ. ನಿಜವಾದ ಕೆಲಸ ನಡೆಯುವ ಕಡೆಗೆ ಸ್ವಲ್ಪ ರಿಯಾಯಿತಿ ಇರಲೆಂದು, ಸಂಬಳ ಮತ್ತು ಆಸ್ತಿಗಳ ಒಂದಂಶವನ್ನು ಲಾಭದಿಂದ ಕಳೆಯಲು ನಿಯಮ ಬಿಡುತ್ತದೆ. ಆರಂಭದ ಕೆಲವು ವರ್ಷ ಈ ಅಂಶ ಹೆಚ್ಚು, ಕ್ರಮೇಣ ಶೇಕಡಾ 5ಕ್ಕೆ ಇಳಿಯುತ್ತದೆ. ಶೇಕಡಾ 5ರಂತೆ ಹಿಡಿದರೆ 50 ಲಕ್ಷ ಮತ್ತು ಒಂದು ಕೋಟಿ, ಒಟ್ಟು ಒಂದೂವರೆ ಕೋಟಿ. ಉಳಿದ 98.5 ಕೋಟಿಗೆ ಶೇಕಡಾ 15ರಂತೆ ಸುಮಾರು 14 ಕೋಟಿ 78 ಲಕ್ಷ. ದ್ವೀಪ ಇದನ್ನು ತೆಗೆದುಕೊಳ್ಳದಿದ್ದರೆ ಜರ್ಮನಿ ತೆಗೆದುಕೊಳ್ಳುತ್ತದೆ. ಕಂಪನಿಗೆ ಎರಡೂ ಒಂದೇ. ದ್ವೀಪಕ್ಕೆ ಮಾತ್ರ ಒಂದೇ ಅಲ್ಲ. ತನ್ನ ನೆಲದ ಲೆಕ್ಕದಲ್ಲಿರುವ ಹಣಕ್ಕೆ ಬೇರೆಯವರು ತೆರಿಗೆ ಎತ್ತುವುದನ್ನು ಅದು ಸುಮ್ಮನೆ ನೋಡುತ್ತಿರಬೇಕು.

ಹಾಗಿದ್ದರೆ ತಾನೇ ಏಕೆ ಎತ್ತಬಾರದು? ನಡೆದದ್ದೂ ಹಾಗೆಯೇ. ಐರೋಪ್ಯ ಒಕ್ಕೂಟದ ಬಹುತೇಕ ದೇಶಗಳಲ್ಲಿ 2024ರಿಂದ ಈ ತೆರಿಗೆ ಜಾರಿಗೆ ಬಂತು. ಐರ್ಲೆಂಡ್ ಕೂಡ ದೊಡ್ಡ ಕಂಪನಿಗಳಿಗೆ ಶೇಕಡಾ 15 ಎಂದಿತು. ಬರ್ಮುಡಾ 2023ರ ಡಿಸೆಂಬರಿನಲ್ಲಿ ಕಾನೂನು ಮಾಡಿ, 2025ರ ಜನವರಿ 1ರಿಂದ ಅದೇ ಗಾತ್ರದ ಕಂಪನಿಗಳಿಗೆ ಶೇಕಡಾ 15 ಲಾಭತೆರಿಗೆ ವಿಧಿಸಿತು. ಯಾವ ಸೊನ್ನೆಗಾಗಿ ಆ 1,990 ಕೋಟಿ ಯೂರೋ ಅಲ್ಲಿಗೆ ಹೋಗಿತ್ತೋ ಆ ಸೊನ್ನೆಯನ್ನು ಬರ್ಮುಡಾ ತಾನೇ ಅಳಿಸಿಹಾಕಿತು.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಮೂರು ಕೊರತೆಗಳನ್ನು ಹೇಳಲೇಬೇಕು.

ಮೊದಲನೆಯದು, ರಿಯಾಯಿತಿಯ ಬಾಗಿಲು. ಮೇಲಿನ ಲೆಕ್ಕದಲ್ಲೇ ಸಂಬಳ 600 ಕೋಟಿ, ಯಂತ್ರಗಳ ಬೆಲೆ 1,000 ಕೋಟಿ ಇದ್ದಿದ್ದರೆ 80 ಕೋಟಿ ಕಳೆದುಹೋಗಿ, ಉಳಿದ 20 ಕೋಟಿಗೆ ಮೂರೇ ಕೋಟಿ ತೆರಿಗೆ ಬೀಳುತ್ತಿತ್ತು. ಕಾಗದದ ಕಂಪನಿಗೆ ಇದು ಹೊಡೆತ, ಆದರೆ ನಿಜವಾದ ಕಾರ್ಖಾನೆಗಾಗಿ ದೇಶಗಳು ಹೂಡುವ ಪೈಪೋಟಿ ಪೂರ್ತಿ ನಿಲ್ಲುವುದಿಲ್ಲ. ಒಂದು ಕೈಯಲ್ಲಿ ತೆರಿಗೆ ಪಡೆದು ಇನ್ನೊಂದು ಕೈಯಲ್ಲಿ ಸಹಾಯಧನ ಕೊಡುವ ದಾರಿಯೂ ತೆರೆದಿದೆ.

ಎರಡನೆಯದು, ಅಮೆರಿಕ. ಈ ಒಪ್ಪಂದಕ್ಕೆ ತನ್ನ ದೇಶದಲ್ಲಿ ಬೆಲೆಯಿಲ್ಲವೆಂದು 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಘೋಷಿಸಿದರು. ಮುಂದೆ ಮಾತುಕತೆ ನಡೆದು 2026ರ ಜನವರಿಯಲ್ಲಿ ಒಂದು ರಾಜಿಯಾಯಿತು: ಅಮೆರಿಕದ ಮಾತೃಸಂಸ್ಥೆಗಳಿಗೆ ಸರದಿಯ ಎರಡನೆಯ ಮತ್ತು ಮೂರನೆಯ ವಸೂಲಿಯಿಂದ ವಿನಾಯಿತಿ, ಅಮೆರಿಕದ್ದೇ ಆದ ಕನಿಷ್ಠ ತೆರಿಗೆ ಅದರ ಪಕ್ಕದಲ್ಲಿ ನಡೆಯುತ್ತದೆ. ಸರದಿಯ ಮೊದಲ ಹಕ್ಕು, ಅಂದರೆ ಲಾಭ ಲೆಕ್ಕದಲ್ಲಿರುವ ದೇಶವೇ ವಸೂಲು ಮಾಡುವುದು, ಉಳಿದುಕೊಂಡಿದೆ. ಆದರೆ ಅದನ್ನು ಜಾರಿಯಲ್ಲಿಡಲು ಹಿಂದೆ ನಿಂತು ನೂಕುತ್ತಿದ್ದ ಕೈಗಳು ಅಮೆರಿಕದ ಕಂಪನಿಗಳ ಮಟ್ಟಿಗೆ ಸಡಿಲವಾಗಿವೆ.

ಮೂರನೆಯದು ನಮಗೆ ಹೆಚ್ಚು ಸಂಬಂಧಿಸಿದ್ದು. ಸರದಿಯನ್ನು ಇನ್ನೊಮ್ಮೆ ನೋಡಿ: ಲಾಭ ಲೆಕ್ಕದಲ್ಲಿರುವ ದೇಶ, ಮಾತೃಸಂಸ್ಥೆಯ ದೇಶ, ನೌಕರರೂ ಆಸ್ತಿಯೂ ಇರುವ ದೇಶ. ಗಿರಾಕಿಗಳಿರುವ ದೇಶ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹುಬ್ಬಳ್ಳಿಯ ಬಟ್ಟೆ ಅಂಗಡಿಯವರು ಜಾಹೀರಾತಿಗೆ ಹಣ ಕೊಟ್ಟು, ಗದಗದ ಹುಡುಗಿ ಅದನ್ನು ನೋಡಿ ಸೀರೆ ಕೊಂಡಳು ಎಂಬುದಕ್ಕೆ ಅಲ್ಲಿ ಲೆಕ್ಕವಿಲ್ಲ. ಇಂಥ ದೇಶಗಳಿಗೂ ಒಂದು ಪಾಲು ಕೊಡುವ ಇನ್ನೊಂದು ಭಾಗ 2021ರ ಒಪ್ಪಂದದಲ್ಲಿತ್ತು. ಅದಕ್ಕೆ ಸಹಿ ಹಾಕಲು ಇಟ್ಟುಕೊಂಡಿದ್ದ 2024ರ ಜೂನ್ ಗಡುವು ಸಹಿಯಿಲ್ಲದೆ ಕಳೆದುಹೋಯಿತು. ಭಾರತ 2016ರಲ್ಲಿ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ ಶೇಕಡಾ 6ರ ಸಮೀಕರಣ ಸುಂಕವನ್ನು ತಾನೇ ಹಾಕಿತ್ತು. ಅದನ್ನೂ 2025ರ ಏಪ್ರಿಲ್ 1ರಿಂದ ಕೈಬಿಟ್ಟಿತು.

ಕೊನೆಯದಾಗಿ, ಲಾಭ ಜಾರುತ್ತಿರುವುದನ್ನು ಗುರುತಿಸುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಪತ್ತೇದಾರಿಕೆ ಬೇಕಿಲ್ಲ, ಮೂರು ಅಂಕಿಗಳು ಸಾಕು: ಒಂದು ದೇಶದಲ್ಲಿ ಕಂಪನಿ ತೋರಿಸಿದ ಲಾಭ, ಅಲ್ಲಿ ಅದಕ್ಕಿರುವ ನೌಕರರ ಸಂಖ್ಯೆ, ಅಲ್ಲಿ ಕಟ್ಟಿದ ತೆರಿಗೆ. ಲಾಭ ಬೆಟ್ಟದಷ್ಟಿದ್ದು, ನೌಕರರು ಬೆರಳೆಣಿಕೆಯಷ್ಟಿದ್ದು, ತೆರಿಗೆ ಸೊನ್ನೆಯ ಹತ್ತಿರವಿದ್ದರೆ ಅಲ್ಲಿ ಲಾಭ ಹುಟ್ಟಿಲ್ಲ, ಬಂದು ತಂಗಿದೆ. ದೊಡ್ಡ ಕಂಪನಿಗಳು ಈ ಅಂಕಿಗಳನ್ನು ದೇಶವಾರಾಗಿ ತೆರಿಗೆ ಇಲಾಖೆಗಳಿಗೆ ಕೊಡಬೇಕೆಂಬ ನಿಯಮ 2015ರ ನಂತರ ಒಂದೊಂದೇ ದೇಶದಲ್ಲಿ ಬಂದಿದೆ. ನೀವು ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕಾಗ ಲಾಭದ ಪುಟದಲ್ಲೇ ನಿಲ್ಲಬೇಡಿ. ಹಿಂದಿನ ಪುಟಗಳಲ್ಲಿರುವ ತೆರಿಗೆಯ ಟಿಪ್ಪಣಿಯನ್ನು ತೆರೆದು, ಕಟ್ಟಿದ ತೆರಿಗೆಯನ್ನು ಲಾಭದಿಂದ ಭಾಗಿಸಿ ನೋಡಿ. ಬಂದ ಉತ್ತರ ದೇಶದ ದರಕ್ಕಿಂತ ಬಹಳ ಕಡಿಮೆಯಿದ್ದರೆ, ಏಕೆ ಎಂಬುದನ್ನು ಅದೇ ಟಿಪ್ಪಣಿ ಸಣ್ಣ ಅಕ್ಷರಗಳಲ್ಲಿ ಹೇಳಿರುತ್ತದೆ. ಕಾರಣ ಕೆಲವೊಮ್ಮೆ ಸರ್ಕಾರವೇ ಕೊಟ್ಟ ರಿಯಾಯಿತಿ. ಕೆಲವೊಮ್ಮೆ ಹಿಂದಿನ ವರ್ಷಗಳ ನಷ್ಟ. ಕೆಲವೊಮ್ಮೆ, ಭೂಪಟದಲ್ಲಿ ಹುಡುಕಿದರೂ ಕಾಣದ ಒಂದು ದ್ವೀಪ.